ಎರಡು ಸಲ ಬರುವ ‘ಟಿ’ ಗುರುತು: ಮೈಲೇಜ್ ಇಳಿದರೆ ತಪ್ಪು ಇ20 ಪೆಟ್ರೋಲ್‌ನದೋ, ಎಂಜಿನ್‌ನದೋ?

ತಿಪಟೂರಿನ ಒಂದು ಸಣ್ಣ ಗ್ಯಾರೇಜಿನಲ್ಲಿ ನನ್ನ ಬೈಕಿನ ಆಯಿಲ್ ಬದಲಿಸಲು ಕೊಟ್ಟು ಕೂತಿದ್ದೆ. ಪಕ್ಕದಲ್ಲಿ ಇನ್ನೊಬ್ಬರು ತಮ್ಮ ನೂರು ಸಿಸಿ ಬೈಕನ್ನು ತಳ್ಳಿಕೊಂಡು ಬಂದರು. 2016ರ ಗಾಡಿ, ಕಾರ್ಬ್ಯುರೇಟರ್ ಇರುವಂಥದ್ದು. ಸ್ಟ್ಯಾಂಡ್ ಹಾಕುವ ಮೊದಲೇ ದೂರು ಶುರುವಾಯಿತು: “ಅಣ್ಣಾ, ಈ ಹೊಸ ಪೆಟ್ರೋಲ್ ಬಂದ್ಮೇಲೆ ಗಾಡಿ ಹಾಳಾಗೋಯ್ತು. ಅರವತ್ತು ಕೊಡ್ತಿದ್ದುದು ಈಗ ನಲವತ್ತಾರು. ಬಿಸಿ ಆದ್ರಂತೂ ಎಷ್ಟು ಕಿಕ್ ಹೊಡೆದ್ರೂ ಏಳಲ್ಲ.”

ಮೆಕ್ಯಾನಿಕ್ ಪೆಟ್ರೋಲ್ ಬಗ್ಗೆ ಒಂದು ಮಾತೂ ಆಡಲಿಲ್ಲ. ಎಂಜಿನ್ ಪೂರ್ತಿ ತಣ್ಣಗಾಗಲಿ ಎಂದು ಬಿಟ್ಟರು. ಆಮೇಲೆ ಎಡಗಡೆಯ ಕವರಿನ ಎರಡು ಮುಚ್ಚಳ, ಎಂಜಿನ್ನಿನ ತಲೆಯ ಮೇಲಿನ ಎರಡು ಟ್ಯಾಪೆಟ್ ಮುಚ್ಚಳ ಬಿಚ್ಚಿಸಿದರು. ಕೆಲಸ ಕಲಿಯುತ್ತಿದ್ದ ಹುಡುಗ ಸ್ಪ್ಯಾನರ್ ಹಾಕಿ ಮ್ಯಾಗ್ನೆಟ್ ತಿರುಗಿಸಿ, ಅದರ ಮೇಲಿನ ‘ಟಿ’ ಗುರುತನ್ನು ಕವರಿನ ಗೆರೆಗೆ ಸರಿಯಾಗಿ ತಂದು ನಿಲ್ಲಿಸಿದ. ಮೆಕ್ಯಾನಿಕ್ ವಾಲ್ವ್ ಒತ್ತಿ ತೆರೆಯುವ ಎರಡೂ ರಾಕರ್‌ಗಳನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿ ಹೇಳಿದರು: “ಈ ಟಿ ಅಲ್ಲ ಕಣೋ, ಇನ್ನೊಂದ್ ಟಿ. ಇನ್ನೊಂದು ಸುತ್ತು ತಿರುಗ್ಸು.”

ಮ್ಯಾಗ್ನೆಟ್ ಮೇಲೆ ಇರುವುದು ಒಂದೇ ‘ಟಿ’. ಹಾಗಿದ್ದರೂ ಅದಕ್ಕೆ ಎರಡು ಅರ್ಥ. ಫೋರ್ ಸ್ಟ್ರೋಕ್ ಎಂಜಿನ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದೆಲ್ಲ ಆ ಎರಡು ಅರ್ಥಗಳ ನಡುವೆಯೇ ಇದೆ. ಇಪ್ಪತ್ತು ಪರ್ಸೆಂಟ್ ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಮೇಲೆ ಈಗ ಬರುತ್ತಿರುವ ದೂರುಗಳಲ್ಲಿ ಯಾವುದು ನಿಜ, ಯಾವುದು ಬೇರೆಯವರ ತಪ್ಪು ಎಂದು ಬಿಡಿಸಿ ನೋಡಲೂ ಅದೇ ದಾರಿ.

ಪಿಸ್ಟನ್ ಸಿಲಿಂಡರ್‌ನೊಳಗೆ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓಡಾಡುತ್ತದೆ. ಒಂದು ಸಲ ಇಳಿದರೂ ಒಂದು ಸ್ಟ್ರೋಕ್, ಒಂದು ಸಲ ಏರಿದರೂ ಒಂದು ಸ್ಟ್ರೋಕ್. ಇಳಿದು ಏರುವಷ್ಟರಲ್ಲಿ ಆ ಓಡಾಟವನ್ನು ತಿರುಗಾಟವಾಗಿಸುವ ಕ್ರ್ಯಾಂಕ್ ಒಂದು ಸುತ್ತು ಮುಗಿಸಿರುತ್ತದೆ. ಗಾಳಿ-ಪೆಟ್ರೋಲ್ ಎಳೆದುಕೊಳ್ಳಲು ಒಂದು ಇಳಿತ, ಅದನ್ನು ಒತ್ತಲು ಒಂದು ಏರಿಕೆ, ಉರಿದ ಅನಿಲ ತಳ್ಳುವಾಗ ಇನ್ನೊಂದು ಇಳಿತ, ಹೊಗೆ ಹೊರಹಾಕಲು ಇನ್ನೊಂದು ಏರಿಕೆ. ಒಟ್ಟು ನಾಲ್ಕು ಸ್ಟ್ರೋಕ್, ಎರಡು ಸುತ್ತು. ಅಂದರೆ ಪಿಸ್ಟನ್ ತುತ್ತತುದಿಗೆ ಎರಡು ಸಲ ಬರುತ್ತದೆ: ಒಮ್ಮೆ ಒತ್ತುವುದು ಮುಗಿದಾಗ, ಇನ್ನೊಮ್ಮೆ ಹೊಗೆ ದೂಡುವುದು ಮುಗಿದಾಗ. ‘ಟಿ’ ಗುರುತು ಇರುವುದು ಕ್ರ್ಯಾಂಕಿಗೆ ಕೂಡಿಸಿದ ಮ್ಯಾಗ್ನೆಟ್ ಮೇಲೆ. ಹಾಗಾಗಿ ಇವೆರಡರಲ್ಲಿ ಯಾವುದು ಎಂದು ಅದಕ್ಕೆ ತಿಳಿಯುವುದಿಲ್ಲ. ತಿಳಿದಿರುವುದು ಕ್ಯಾಮ್‌ಗೆ ಮಾತ್ರ. ಟೈಮಿಂಗ್ ಚೈನಿನ ಮೇಲಿನ ಚಕ್ರಕ್ಕೆ ಕೆಳಗಿನದರ ಎರಡರಷ್ಟು ಹಲ್ಲು ಇರುವುದರಿಂದ, ಕ್ರ್ಯಾಂಕ್ ಎರಡು ಸುತ್ತು ಹೋದಾಗ ಕ್ಯಾಮ್ ಹೋಗುವುದು ಒಂದೇ ಸುತ್ತು. ವಾಲ್ವ್‌ಗಳು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎನ್ನುವ ನೆನಪೆಲ್ಲ ಆ ಕ್ಯಾಮಿನ ಉಬ್ಬುಗಳಲ್ಲಿ ಇರುತ್ತದೆ.

ಇಂಥ ಬೈಕುಗಳಲ್ಲಿ ಪ್ಲಗ್ಗಿಗೆ ಕಿಡಿ ಯಾವಾಗ ಎಂದು ಹೇಳುವ ಪಿಕಪ್ ಕಾಯಿಲ್ ಕೂಡ ಇದೇ ಮ್ಯಾಗ್ನೆಟ್ಟನ್ನು ನೋಡಿಕೊಂಡೇ ಕೆಲಸ ಮಾಡುತ್ತದೆ. ಆದ್ದರಿಂದ ಸಾಮಾನ್ಯವಾಗಿ ಪ್ರತಿ ಸುತ್ತಿಗೂ ಒಂದು ಕಿಡಿ ಹಾರುತ್ತದೆ. ಒಂದು ಪೆಟ್ರೋಲಿಗೆ ಬೆಂಕಿ ಹಚ್ಚುತ್ತದೆ, ಇನ್ನೊಂದು ಹೊರಗೆ ಹೋಗುತ್ತಿರುವ ಹೊಗೆಯ ನಡುವೆ ಹಾರಿ ವ್ಯರ್ಥವಾಗುತ್ತದೆ. ಅದರಿಂದ ತೊಂದರೆಯೇನೂ ಇಲ್ಲ. ಅಲ್ಲಿ ಉರಿಯಲು ಏನೂ ಉಳಿದಿರುವುದಿಲ್ಲ.

ಈಗ ಆ ಗಾಡಿಯ ಅಳತೆಯನ್ನೇ ಹಿಡಿದು ನೋಡೋಣ. ಸಿಲಿಂಡರಿನ ಅಗಲ 50 ಮಿಲಿಮೀಟರ್, ಪಿಸ್ಟನ್ ಓಡಾಡುವ ದೂರ 49.5 ಮಿಲಿಮೀಟರ್. ಸಿಲಿಂಡರಿನ ದುಂಡು ಬಾಯಿಯ ವಿಸ್ತೀರ್ಣವನ್ನು ಆ ದೂರದಿಂದ ಗುಣಿಸಿದರೆ 97.2 ಸಿಸಿ. ಟಾಪ್ ಗೇರಿನಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಇಂಥ ಎಂಜಿನ್ ನಿಮಿಷಕ್ಕೆ ಸುಮಾರು 4000 ಸುತ್ತು ತಿರುಗುತ್ತಿರುತ್ತದೆ. ಆ ಲೆಕ್ಕದಲ್ಲಿ ಒಂದು ಸ್ಟ್ರೋಕಿಗೆ ಸಿಗುವ ಸಮಯ 7.5 ಮಿಲಿಸೆಕೆಂಡ್, ನಾಲ್ಕಕ್ಕೂ ಸೇರಿ 30. ಕಣ್ಣು ಒಮ್ಮೆ ಮಿಟುಕಿಸುವಷ್ಟರಲ್ಲಿ ಮೂರು-ನಾಲ್ಕು ಬಾರಿ ಇಡೀ ಆವರ್ತನ ಮುಗಿದಿರುತ್ತದೆ. ಲೀಟರಿಗೆ 60 ಕಿಲೋಮೀಟರ್ ಕೊಡುವ ಗಾಡಿಯಾದರೆ ಒಂದು ಆವರ್ತನಕ್ಕೆ ಒಳಗೆ ಹೋಗುವ ಪೆಟ್ರೋಲ್ 0.0056 ಮಿಲಿಲೀಟರ್. ಒಂದು ಹನಿಯನ್ನು ಒಂಬತ್ತು ಪಾಲು ಮಾಡಿದರೆ ಒಂದು ಪಾಲು.

ಮೊದಲ ಸ್ಟ್ರೋಕಿಗೆ ಗ್ಯಾರೇಜುಗಳಲ್ಲಿ ಸಕ್ಷನ್ ಅನ್ನುತ್ತಾರೆ. ಇನ್ಲೆಟ್ ವಾಲ್ವ್ ತೆರೆದಿದೆ, ಪಿಸ್ಟನ್ ಇಳಿಯುತ್ತಿದೆ, ಒಳಗೆ ಒತ್ತಡ ಕಡಿಮೆಯಾಗಿ ಹೊರಗಿನ ಗಾಳಿ ಕಾರ್ಬ್ಯುರೇಟರ್ ಮೂಲಕ ನುಗ್ಗುತ್ತದೆ, ಹೋಗುತ್ತಾ ಪೆಟ್ರೋಲನ್ನೂ ಎಳೆದುಕೊಂಡು ಹೋಗುತ್ತದೆ. ಪುಸ್ತಕದ ಚಿತ್ರಗಳಲ್ಲಿ ಪಿಸ್ಟನ್ ಕೆಳಕ್ಕೆ ಮುಟ್ಟಿದ ಕ್ಷಣ ವಾಲ್ವ್ ಮುಚ್ಚಿಬಿಡುತ್ತದೆ. ನಿಜವಾದ ಎಂಜಿನ್‌ನಲ್ಲಿ ಹಾಗಾಗುವುದಿಲ್ಲ. ಪಿಸ್ಟನ್ ಕೆಳಕ್ಕೆ ಮುಟ್ಟಿ, ತಿರುಗಿ ಮೇಲೇರಲು ಶುರುಮಾಡಿ, ಕ್ರ್ಯಾಂಕ್ ಮೂವತ್ತು ಡಿಗ್ರಿಯ ಆಸುಪಾಸು ತಿರುಗುವವರೆಗೂ ಇನ್ಲೆಟ್ ವಾಲ್ವ್ ತೆರೆದೇ ಇರುತ್ತದೆ. ಗಾಳಿಗೂ ತೂಕವಿದೆ, ಓಟ ಹಿಡಿದ ಮೇಲೆ ಅದು ತಟ್ಟನೆ ನಿಲ್ಲುವುದಿಲ್ಲ. ಕಂಡಕ್ಟರ್ ಸೀಟಿ ಊದಿದ ಮೇಲೂ ಬಾಗಿಲಲ್ಲಿ ಹಿಂದಿನವರ ನೂಕಿಗೆ ಇನ್ನಿಬ್ಬರು ಒಳಗೆ ಬಂದುಬಿಡುವ ಹಾಗೆ, ಪಿಸ್ಟನ್ ಏರುತ್ತಿದ್ದರೂ ಒಂದಿಷ್ಟು ಗಾಳಿ ತನ್ನ ವೇಗಕ್ಕೇ ಒಳಗೆ ಬಂದು ತುಂಬಿಕೊಳ್ಳುತ್ತದೆ. ಎಂಜಿನ್ ತಯಾರಕರು ಅದನ್ನು ಬಿಡದೆ ಬಳಸಿಕೊಂಡಿದ್ದಾರೆ.

ಎರಡನೆಯದು ಕಂಪ್ರೆಶನ್. ನನಗೆ ಕೇಳಿದರೆ ಇಡೀ ಯಂತ್ರದ ಜೀವ ಇರುವುದು ಇಲ್ಲಿ. 1860ರಲ್ಲಿ ಲೆನ್ವಾ ಮಾಡಿದ ಗ್ಯಾಸ್ ಎಂಜಿನ್‌ನಲ್ಲಿ ಈ ಹಂತವೇ ಇರಲಿಲ್ಲ. ಗ್ಯಾಸ್ ಎಳೆದುಕೊಂಡು, ಒತ್ತದೆ ಹಾಗೇ ಬೆಂಕಿ ಹಚ್ಚುತ್ತಿತ್ತು. ಎಂಜಿನ್ ಓಡಿತು, ಆದರೆ ಉಂಡದ್ದಕ್ಕೆ ತಕ್ಕ ದುಡಿಮೆ ಬರಲಿಲ್ಲ. 1862ರಲ್ಲಿ ಫ್ರಾನ್ಸಿನ ಬೋ ದ ರೋಶಾ ಮೊದಲು ಒತ್ತಿ ಆಮೇಲೆ ಉರಿಸುವ ನಾಲ್ಕು ಹಂತಗಳನ್ನು ಕಾಗದದ ಮೇಲೆ ಬರೆದಿಟ್ಟ. 1876ರಲ್ಲಿ ಜರ್ಮನಿಯ ನಿಕೋಲಸ್ ಆಟೋ ಅದನ್ನು ಓಡುವ ಎಂಜಿನ್ ಆಗಿ ಮಾಡಿ ತೋರಿಸಿದ. ಇವತ್ತಿಗೂ ಈ ಆವರ್ತನಕ್ಕೆ ಅವನ ಹೆಸರೇ.

ಒತ್ತುವುದರಿಂದ ಆಗುವ ಲಾಭ ಏನು? ನಮ್ಮ ಗಾಡಿಯ ಕಂಪ್ರೆಶನ್ ಅನುಪಾತ 9 ಎಂದು ಇಟ್ಟುಕೊಳ್ಳೋಣ. ಪಿಸ್ಟನ್ ಕೆಳಗಿದ್ದಾಗ ಸುಮಾರು 109 ಸಿಸಿ ಜಾಗದಲ್ಲಿದ್ದ ಮಿಶ್ರಣ ಮೇಲೆ ಬಂದಾಗ 12 ಸಿಸಿಗೆ, ಅಂದರೆ ಎರಡೂವರೆ ಟೀ ಚಮಚದಷ್ಟು ಜಾಗಕ್ಕೆ ಇಳಿಯುತ್ತದೆ. ಉರಿದ ಮೇಲೆ ಅದೇ ಅನಿಲ 12ರಿಂದ 109ರವರೆಗೆ ಹಿಗ್ಗುತ್ತಾ ಪಿಸ್ಟನ್ನನ್ನು ತಳ್ಳಬಹುದು. ಹಿಗ್ಗಲು ಎಷ್ಟು ಅವಕಾಶವಿದೆಯೋ ಅಷ್ಟು ಶಾಖ ಕೆಲಸವಾಗುತ್ತದೆ, ಉಳಿದದ್ದು ಸೈಲೆನ್ಸರಿನಲ್ಲಿ, ಸಿಲಿಂಡರಿನ ಗೋಡೆಯಲ್ಲಿ ಹೋಗುತ್ತದೆ. ಹಾಗಾದರೆ ಇನ್ನೂ ಹೆಚ್ಚು ಒತ್ತಬಾರದೇ? ಒತ್ತಿದಷ್ಟೂ ಮಿಶ್ರಣ ಬಿಸಿಯಾಗುತ್ತದೆ. ಒಂದು ಮಿತಿ ದಾಟಿದರೆ, ಪ್ಲಗ್ಗಿನ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿರುವ ಮಿಶ್ರಣ ತಾನೇ ಹೊತ್ತಿಕೊಂಡು ಲೋಹಕ್ಕೆ ಬಡಿದಂತೆ ಟಣಟಣ ಸದ್ದು ಬರುತ್ತದೆ. ಅದೇ ನಾಕಿಂಗ್. ಆಕ್ಟೇನ್ ಸಂಖ್ಯೆ ಎನ್ನುವುದು ಪೆಟ್ರೋಲ್ ಹಾಗೆ ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳುತ್ತದೆ ಎಂಬುದರ ಅಳತೆ. ಅದು ಶಕ್ತಿಯ ಅಳತೆ ಅಲ್ಲ.

ಕಿಡಿ ಹಾರುವುದು ಪವರ್ ಸ್ಟ್ರೋಕಿನಲ್ಲಿ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಹಾರುವುದು ಅದಕ್ಕೂ ಮೊದಲು, ಕಂಪ್ರೆಶನ್ ಇನ್ನೂ ನಡೆಯುತ್ತಿರುವಾಗಲೇ. ಪೆಟ್ರೋಲ್ ಒಮ್ಮೆಲೇ ಸಿಡಿಯುವುದಿಲ್ಲ. ಪ್ಲಗ್ಗಿನ ಬಾಯಲ್ಲಿ ಹುಟ್ಟಿದ ಸಣ್ಣ ಬೆಂಕಿಯ ಉಂಡೆ ಬೆಳೆಯುತ್ತಾ ಎದುರು ಗೋಡೆ ಮುಟ್ಟಲು ಸುಮಾರು ಎರಡು ಮಿಲಿಸೆಕೆಂಡ್ ಬೇಕು. 4000 ಸುತ್ತಿನ ವೇಗದಲ್ಲಿ ಅಷ್ಟರಲ್ಲಿ ಕ್ರ್ಯಾಂಕ್ 48 ಡಿಗ್ರಿ ತಿರುಗಿಬಿಟ್ಟಿರುತ್ತದೆ. ಪಿಸ್ಟನ್ ತುದಿಗೆ ಬಂದ ಮೇಲೆ ಕಿಡಿ ಕೊಟ್ಟರೆ, ಬೆಂಕಿ ಪೂರ್ತಿ ಹಬ್ಬುವಷ್ಟರಲ್ಲಿ ಪಿಸ್ಟನ್ ಕೆಳಗೆ ಓಡಿಹೋಗಿರುತ್ತದೆ. ಅದಕ್ಕೇ ತುದಿ ಮುಟ್ಟಲು ಇಪ್ಪತ್ತೈದು-ಮೂವತ್ತು ಡಿಗ್ರಿ ಇರುವಾಗಲೇ ಕಿಡಿ ಹಾರಬೇಕು. ಒಳಗಿನ ಒತ್ತಡ ತುದಿ ದಾಟಿದ ಹದಿನೈದು ಡಿಗ್ರಿ ಆಸುಪಾಸಿನಲ್ಲಿ ಅತಿ ಹೆಚ್ಚಾಗುವಂತೆ ಲೆಕ್ಕ ಹಾಕಿರುತ್ತಾರೆ. ಥ್ರಾಟಲ್ ಪೂರ್ತಿ ತಿರುಗಿಸಿದಾಗ ಆ ಒತ್ತಡ 40 ಬಾರ್ ಆಸುಪಾಸಿಗೆ ಹೋಗಬಹುದು. 50 ಮಿಲಿಮೀಟರ್ ಅಗಲದ ಪಿಸ್ಟನ್ ಮೇಲೆ ಅದು ಎಂಟು ಕ್ವಿಂಟಲ್ ಭಾರ ಇಟ್ಟಂತೆ. ಅಷ್ಟು ಭಾರ ಇರುವುದು ಒಂದು ಗಳಿಗೆ ಮಾತ್ರ, ಇಳಿಯುತ್ತಾ ಇಳಿಯುತ್ತಾ ಕರಗಿಹೋಗುತ್ತದೆ. ನಾಲ್ಕು ಸ್ಟ್ರೋಕಿನಲ್ಲಿ ದುಡಿಯುವುದು ಇದೊಂದೇ. ಉಳಿದ ಮೂರನ್ನು ಮ್ಯಾಗ್ನೆಟ್ ಮತ್ತು ಕ್ರ್ಯಾಂಕಿನ ಭಾರ ತನ್ನ ಓಟದಲ್ಲೇ ಎಳೆದುಕೊಂಡು ಹೋಗುತ್ತದೆ.

ಪಿಸ್ಟನ್ ಕೆಳಗೆ ಮುಟ್ಟಲು ಇನ್ನೂ ಮೂವತ್ತು-ನಲವತ್ತು ಡಿಗ್ರಿ ಇರುವಾಗಲೇ ಎಕ್ಸಾಸ್ಟ್ ವಾಲ್ವ್ ತೆರೆಯುತ್ತದೆ. ಉಳಿದಿರುವ ಒತ್ತಡದಿಂದ ಹೆಚ್ಚಿನ ಕೆಲಸ ಸಿಗುವುದಿಲ್ಲ, ಆದರೆ ಹೊಗೆ ತಾನಾಗಿ ಹೊರಗೆ ನುಗ್ಗಲು ಅದು ಸಾಕು. ಸೈಲೆನ್ಸರಿನ ಸದ್ದು ಹುಟ್ಟುವುದು ಆ ಕ್ಷಣದಲ್ಲಿ. ಮಿಕ್ಕಿದ್ದನ್ನು ಏರುವ ಪಿಸ್ಟನ್ ದೂಡುತ್ತದೆ. ದೂಡಿ ಮುಗಿಯುವ ಹೊತ್ತಿಗೆ, ಎಕ್ಸಾಸ್ಟ್ ಇನ್ನೂ ಪೂರ್ತಿ ಮುಚ್ಚಿಲ್ಲದಾಗ, ಇನ್ಲೆಟ್ ತೆರೆಯಲು ಶುರುವಾಗಿರುತ್ತದೆ. ಎರಡೂ ವಾಲ್ವ್ ಒಟ್ಟಿಗೆ ಸ್ವಲ್ಪ ತೆರೆದಿರುವ ಈ ಹೊತ್ತಿಗೆ ಓವರ್‌ಲ್ಯಾಪ್ ಅನ್ನುತ್ತಾರೆ.

ಆ ಹುಡುಗ ತಂದು ನಿಲ್ಲಿಸಿದ್ದ ಮೊದಲ ‘ಟಿ’ ಇದೇ. ಎರಡೂ ರಾಕರ್ ಕ್ಯಾಮಿನ ಉಬ್ಬಿನ ಮೇಲೆ ಕೂತಿದ್ದವು, ಅಲ್ಲಾಡಿಸಿದರೆ ಅಲುಗುತ್ತಿರಲಿಲ್ಲ. ಅಲ್ಲಿ ಟ್ಯಾಪೆಟ್ ಸಡಿಲಿಸಿ ರಾಕರಿಗೂ ವಾಲ್ವಿಗೂ ನಡುವೆ ಸಂದು ಇಟ್ಟಿದ್ದರೆ, ಉಬ್ಬು ಜಾರಿದ ಮೇಲೆ ಆ ಸಂದು ದೊಡ್ಡದಾಗಿ ತಲೆಯಲ್ಲಿ ಟಕಟಕ ಸದ್ದು ಬರುತ್ತಿತ್ತು, ವಾಲ್ವ್ ಪೂರ್ತಿ ತೆರೆಯುತ್ತಲೂ ಇರಲಿಲ್ಲ. ಇನ್ನೊಂದು ಸುತ್ತು ತಿರುಗಿಸಿ ತಂದ ‘ಟಿ’ ಕಂಪ್ರೆಶನ್ನಿನದು. ಅಲ್ಲಿ ಎರಡೂ ವಾಲ್ವ್ ಮುಚ್ಚಿರಬೇಕು, ಎರಡೂ ರಾಕರ್‌ನಲ್ಲಿ ಕೂದಲೆಳೆಯಷ್ಟು ಆಟ ಇರಬೇಕು. ಮೆಕ್ಯಾನಿಕ್ 0.05 ಮಿಲಿಮೀಟರ್ ಫೀಲರ್ ಗೇಜ್ ತೂರಿಸಿದರು. ಇನ್ಲೆಟ್ ಕಡೆ ಹೋಯಿತು. ಎಕ್ಸಾಸ್ಟ್ ಕಡೆ ತುದಿಯೂ ಹೊಗಲಿಲ್ಲ.

ಅಲ್ಲಿಗೆ ಆ ಗಾಡಿಯ ಅರ್ಧ ಕತೆ ಗೊತ್ತಾಯಿತು. ಸಂದು ಇಲ್ಲ ಎಂದರೆ ವಾಲ್ವ್ ಪೂರ್ತಿ ಕೂರುತ್ತಿಲ್ಲ. ವರ್ಷಗಟ್ಟಲೆ ಬಡಿಸಿಕೊಂಡ ವಾಲ್ವ್ ಸೀಟು ಸವೆದು, ವಾಲ್ವ್ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಸರಿದು ರಾಕರಿಗೆ ತಗುಲಿಕೊಂಡಿರುತ್ತದೆ. ತಣ್ಣಗಿರುವಾಗ ಹೆಚ್ಚುಕಡಿಮೆ ಮುಚ್ಚುತ್ತದೆ. ಬಿಸಿಯಾದಾಗ ಕಾಂಡ ಉದ್ದವಾಗಿ ಕೂದಲಷ್ಟು ತೆರೆದೇ ಉಳಿಯುತ್ತದೆ. ಕಂಪ್ರೆಶನ್ ಸೋರುತ್ತದೆ, ಕಿಕ್ ಹಗುರಾಗುತ್ತದೆ, ಗಾಡಿ ಏಳುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯ ಬಹುಪಾಲನ್ನು ಕಳೆದುಕೊಳ್ಳುವುದು ಸೀಟಿಗೆ ಒತ್ತಿ ಕೂತಿರುವ ಹೊತ್ತಿನಲ್ಲಿ. ಕೂರಲು ಆಗದಿದ್ದರೆ ಸಂದಿನಲ್ಲಿ ಬೆಂಕಿ ನುಗ್ಗಿ ಅಂಚೇ ಸುಟ್ಟುಹೋಗುತ್ತದೆ. ಟ್ಯಾಪೆಟ್ ಸದ್ದು ಮಾಡಿದರೆ ಜನ ಗ್ಯಾರೇಜಿಗೆ ಓಡಿ ಬರುತ್ತಾರೆ, ಈ ಸದ್ದಿಲ್ಲದ ಟ್ಯಾಪೆಟ್ ಮಾತ್ರ ಯಾರಿಗೂ ತಿಳಿಯದೆ ಎಂಜಿನ್ನನ್ನು ತಿನ್ನುತ್ತದೆ.

ಹಾಗಾದರೆ ಪೆಟ್ರೋಲಿನದು ಏನೂ ತಪ್ಪಿಲ್ಲವೇ? ಇದೆ. ಎಷ್ಟು ಎನ್ನುವುದನ್ನು ಲೆಕ್ಕ ಹಾಕಬಹುದು, ಹಾಕಲೇಬೇಕು. ಇ20 ಎಂದರೆ ನೂರು ಲೀಟರಿನಲ್ಲಿ ಇಪ್ಪತ್ತು ಲೀಟರ್ ಎಥನಾಲ್. 2030ಕ್ಕೆ ಇಟ್ಟುಕೊಂಡಿದ್ದ ಗುರಿಯನ್ನು ಕೇಂದ್ರ ಸರ್ಕಾರ 2025-26ಕ್ಕೆ ಎಳೆದುಕೊಂಡಿತು. ಈಗ ಸಾಮಾನ್ಯ ಬಂಕ್‌ಗಳಲ್ಲಿ ಸಿಗುವುದು ಇದೇ. ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬಿಗೂ ಇದರಲ್ಲಿ ಪಾಲಿದೆ, ಹಾಗಾಗಿ ನಮ್ಮ ರಾಜ್ಯದಲ್ಲಿ ಈ ಚರ್ಚೆಗೆ ರೈತರ ಕಡೆಯ ಮುಖವೂ ಉಂಟು. ಅದು ಬೇರೆ ವಿಷಯ. ಇಲ್ಲಿ ಸಿಲಿಂಡರ್ ಒಳಗಿನದನ್ನು ಮಾತ್ರ ನೋಡುತ್ತೇನೆ.

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೆ ಎಥನಾಲಿನಲ್ಲಿ 21. ಬೆರೆಸಿದರೆ ಇ10ರಲ್ಲಿ 31ರ ಹತ್ತಿರ, ಇ20ರಲ್ಲಿ 30ರ ಹತ್ತಿರ ಬರುತ್ತದೆ. ಅಂದರೆ ಬರೀ ಪೆಟ್ರೋಲಿಗೆ ಹೋಲಿಸಿದರೆ ಇ20 ಸುಮಾರು ಏಳು ಪರ್ಸೆಂಟ್ ಬಡವಾಗಿದೆ, ಮೊದಲು ಹಾಕಿಸುತ್ತಿದ್ದ ಇ10ಕ್ಕೆ ಹೋಲಿಸಿದರೆ ಮೂರೂವರೆ ಪರ್ಸೆಂಟ್. ಶಕ್ತಿ ಕಡಿಮೆಯಾದಷ್ಟೇ ಮೈಲೇಜ್ ಇಳಿಯುತ್ತದೆ ಎಂದುಕೊಂಡರೆ 60 ಇದ್ದದ್ದು 58 ಆಗಬೇಕು. ಬರೀ ಪೆಟ್ರೋಲಿನ ಕಾಲದ 60 ಎಂದರೂ 56ಕ್ಕೆ ನಿಲ್ಲಬೇಕು. 46ಕ್ಕೆ ಇಳಿದಿದ್ದರೆ ನಡುವಿನ ಹತ್ತು ಕಿಲೋಮೀಟರನ್ನು ಬೇರೆ ಎಲ್ಲೋ ಹುಡುಕಬೇಕು.

ಸ್ಟ್ರೋಕ್ ಸ್ಟ್ರೋಕಿಗೂ ಎಥನಾಲ್ ಬೇರೆ ಬೇರೆ ಪರಿಣಾಮ ಮಾಡುತ್ತದೆ. ಸಕ್ಷನ್ನಿನಲ್ಲಿ ಅದು ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಹೀರುತ್ತದೆ. ಮಡಿಕೇರಿಯಂಥ ಕಡೆ ಚಳಿಗಾಲದ ಬೆಳಗ್ಗೆ ಹಳೇ ಗಾಡಿ ಏಳಲು ಸತಾಯಿಸಿದರೆ ಅದಕ್ಕೆ ಇದು ಒಂದು ಕಾರಣವಾಗಬಲ್ಲದು. ಕಂಪ್ರೆಶನ್ನಿನಲ್ಲಿ ಅದು ಒಳ್ಳೆಯದನ್ನೇ ಮಾಡುತ್ತದೆ. ಇ20ರ ಆಕ್ಟೇನ್ 95, ಹಳೆಯ ಸಾಮಾನ್ಯ ಪೆಟ್ರೋಲಿನದು 91. ನಾಕಿಂಗ್ ಕಡಿಮೆಯಾಗುತ್ತದೆ. ಆದರೆ ಅನುಪಾತ 9ಕ್ಕೇ ಕೂತಿರುವ ಹಳೆಯ ಎಂಜಿನ್‌ಗೆ ಆ ಹೆಚ್ಚಿನ ಆಕ್ಟೇನ್‌ನಿಂದ ಮೈಲೇಜ್ ಏರುವುದಿಲ್ಲ. ಹೆಚ್ಚು ಒತ್ತುವಂತೆ ಹೊಸದಾಗಿ ವಿನ್ಯಾಸ ಮಾಡಿದ ಎಂಜಿನ್ ಮಾತ್ರ ಅದನ್ನು ಬಳಸಿಕೊಳ್ಳಬಲ್ಲದು.

ಕಾರ್ಬ್ಯುರೇಟರ್ ಗಾಡಿಗೆ ನಿಜವಾದ ಪೆಟ್ಟು ಬೀಳುವುದು ಮಿಶ್ರಣದ ಹದದಲ್ಲಿ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಎಥನಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿರುವುದರಿಂದ ಅದಕ್ಕೆ 9 ಗ್ರಾಂ ಸಾಕು. ಇ20ಗೆ ಸುಮಾರು 13.5. ಕಾರ್ಬ್ಯುರೇಟರಿನ ಜೆಟ್ ತೂತು ಹಳೆಯ ಪೆಟ್ರೋಲಿಗೆ ಕೊರೆದದ್ದು, ಟ್ಯಾಂಕಿಗೆ ಏನು ಬಂದಿದೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಅದು ಹಿಂದಿನಷ್ಟೇ ಬಿಡುತ್ತದೆ, ಗಾಳಿ ಮಾತ್ರ ಲೆಕ್ಕಕ್ಕಿಂತ ಹೆಚ್ಚಾಗುತ್ತದೆ. ಮಿಶ್ರಣ ತೆಳುವಾದರೆ ಉರಿ ನಿಧಾನವಾಗುತ್ತದೆ. ಕಿಡಿ ಹಾರುವ ಹೊತ್ತು ಬದಲಾಗಿಲ್ಲವಾದ್ದರಿಂದ ಪವರ್ ಸ್ಟ್ರೋಕಿನಲ್ಲಿ ಒತ್ತಡ ತಡವಾಗಿ ಏರುತ್ತದೆ, ಕೆಲವೊಮ್ಮೆ ಎಕ್ಸಾಸ್ಟ್ ವಾಲ್ವ್ ತೆರೆದಾಗಲೂ ಉರಿ ಉಳಿದಿರುತ್ತದೆ. ಥ್ರಾಟಲ್ ತಿರುಗಿಸಿದರೆ ಗಾಡಿ ಒಂದು ಕ್ಷಣ ತಡವರಿಸಿ ಆಮೇಲೆ ಎಳೆಯುವುದು, ಇಳಿಜಾರಿನಲ್ಲಿ ಸೈಲೆನ್ಸರ್ ಪಟಪಟ ಅನ್ನುವುದು, ಪ್ಲಗ್ ಬಿಳಿಚಿಕೊಂಡಿರುವುದು ಇದರ ಗುರುತುಗಳು. 2020ರ ನಂತರದ ಬಿಎಸ್6 ಗಾಡಿಗಳಲ್ಲಿ ಹೆಚ್ಚಿನವಕ್ಕೆ ಇಂಜೆಕ್ಷನ್ ಇದೆ. ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರ್ ಹೊಗೆಯನ್ನು ಅಳೆದು, ಕಂಪ್ಯೂಟರ್ ಇಂಧನವನ್ನು ಅದಕ್ಕೆ ತಕ್ಕಂತೆ ಏರಿಸಿಕೊಳ್ಳುತ್ತದೆ. ಅವುಗಳಲ್ಲಿ ಮೈಲೇಜ್ ಸ್ವಲ್ಪ ಇಳಿದೀತು, ಓಟದ ಹದ ಕೆಡುವುದಿಲ್ಲ.

ರಬ್ಬರ್ ಪೈಪು, ವಾಷರ್‌ಗಳು ಉಬ್ಬುವುದು, ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ಟ್ಯಾಂಕಿನಲ್ಲಿ ಎಥನಾಲ್ ನೀರು ಹೀರಿಕೊಂಡು ತಳಕ್ಕೆ ಇಳಿಯುವುದು, ಇವೂ ಹಳೆಯ ಗಾಡಿಗಳಲ್ಲಿ ಕಂಡುಬರುವ ನಿಜವಾದ ತೊಂದರೆಗಳೇ. ಗಾಡಿ ಕೊಳ್ಳುವಾಗ ಇಲ್ಲದ ಇಂಧನವನ್ನು ಈಗ ಬೇರೆ ಆಯ್ಕೆ ಕೊಡದೆ ಹಾಕಿಸಿಕೊಳ್ಳಿ ಎಂದರೆ ಆ ಖರ್ಚು ಗಾಡಿಯವರ ತಲೆಯ ಮೇಲೆ ಬೀಳುತ್ತದೆ. ಆ ಸಿಟ್ಟು ನ್ಯಾಯವಾದದ್ದೇ ಎಂದು ನನಗನ್ನಿಸುತ್ತದೆ. ಆದರೆ ಬಿಸಿಯಾದಾಗ ಮಾತ್ರ ಏಳದಿರುವುದು, ಅದರ ಜೊತೆ ಕಿಕ್ಕರ್ ಕಾಲಿಗೆ ಹಗುರಾಗಿ ಸಿಗುವುದು ಪೆಟ್ರೋಲಿನ ಲಕ್ಷಣ ಅಲ್ಲ, ಕಂಪ್ರೆಶನ್ ಸೋರಿಕೆಯ ಲಕ್ಷಣ.

ಸೋರುವುದು ಎಲ್ಲಿಂದ ಎಂದು ತಿಳಿಯಲು ಮೆಕ್ಯಾನಿಕ್ ಪ್ಲಗ್ ಬಿಚ್ಚಿ ಒತ್ತಡ ಅಳೆಯುವ ಗೇಜ್ ಹಾಕಿದರು. ಥ್ರಾಟಲ್ ಪೂರ್ತಿ ತಿರುಗಿಸಿ ಹಿಡಿದು ಹುಡುಗ ಏಳೆಂಟು ಕಿಕ್ ಹೊಡೆದ. ಚದರ ಸೆಂಟಿಮೀಟರಿಗೆ ಹತ್ತು ಕೆಜಿಗಿಂತ ಮೇಲೆ ತೋರಿಸಬೇಕಾದ ಮುಳ್ಳು ಆರೂವರೆಗೆ ನಿಂತಿತು. ಪ್ಲಗ್ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಹೊಡೆಸಿದರು. ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದ್ದರೆ ಆಯಿಲ್ ಆ ಸಂದು ತುಂಬಿ ಮುಳ್ಳು ಏರಬೇಕಿತ್ತು. ಏರಲಿಲ್ಲ. ಹಾಗಾಗಿ ಸೋರಿಕೆ ಕೆಳಗಿಂದಲ್ಲ, ಮೇಲಿನ ವಾಲ್ವಿನಿಂದ.

ಎಕ್ಸಾಸ್ಟ್ ಟ್ಯಾಪೆಟ್ ಸಡಿಲಿಸಿ 0.05ಕ್ಕೆ ಇಟ್ಟು ಮತ್ತೆ ಗೇಜ್ ಹಾಕಿದಾಗ ಮುಳ್ಳು ಒಂಬತ್ತಕ್ಕೆ ಬಂತು. ವಾಲ್ವ್ ಇನ್ನೂ ಸುಟ್ಟಿರಲಿಲ್ಲ, ತಲೆ ಬಿಚ್ಚುವ ಕೆಲಸ ತಪ್ಪಿತು. ಕಾರ್ಬ್ಯುರೇಟರಿನ ಏರ್ ಸ್ಕ್ರೂ ಸ್ವಲ್ಪ ತಿರುಗಿಸಿ ಐಡ್ಲಿಂಗ್‌ನಲ್ಲಿ ಮಿಶ್ರಣವನ್ನು ಒಂದಿಷ್ಟು ಗಟ್ಟಿ ಮಾಡಿದರು, ಗಟ್ಟಿಯಾಗಿ ಬಿರುಕು ಬಿಟ್ಟಿದ್ದ ಪೆಟ್ರೋಲ್ ಪೈಪ್ ಬದಲಿಸಿದರು. “ಟ್ಯಾಂಕ್ ಫುಲ್ ಮಾಡ್ಸಿ, ಇನ್ನೂರು ಕಿಲೋಮೀಟರ್ ಓಡ್ಸಿ, ಮತ್ತೆ ಅದೇ ಬಂಕಲ್ಲಿ ಫುಲ್ ಮಾಡ್ಸಿ. ಎಷ್ಟು ಲೀಟರ್ ಹಿಡೀತು ಅಂತ ಬರ್ಕೊಂಡು ಬನ್ನಿ” ಎಂದು ಕಳಿಸಿದರು.

ಎರಡು ವಾರದ ನಂತರ ನಾನು ಅತ್ತ ಹೋದಾಗ ಆ ಗಾಡಿಯವರು ಬಂದು ಹೋಗಿದ್ದರು. ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಹುಡುಗ ಲೆಕ್ಕ ಬರೆದಿಟ್ಟಿದ್ದ: 204 ಕಿಲೋಮೀಟರಿಗೆ 3.64 ಲೀಟರ್, ಐವತ್ತಾರು.